ಮೇಲೆ ಐಸ್ ಗಟ್ಟಿ, ಕೆಳಗೆ ಹಾಲು ಹುಳಿ: ಫ್ರಿಜ್‌ನಲ್ಲಿ ಗಾಳಿ ಎಲ್ಲಿ ನಿಂತಿದೆ ಎಂದು ಹುಡುಕುವುದು ಹೇಗೆ

ಫ್ರೀಜರ್‌ನಲ್ಲಿ ಐಸ್ ಕಲ್ಲಿನ ಹಾಗೆ ಗಟ್ಟಿಯಾಗಿದೆ. ಕೆಳಗಿನ ಖಾನೆಯಲ್ಲಿಟ್ಟ ಹಾಲು ಮಾತ್ರ ಮರುದಿನಕ್ಕೇ ಹುಳಿಯಾಗುತ್ತಿದೆ. ಸೊಪ್ಪು ಬಾಡುತ್ತಿದೆ, ನೀರಿನ ಬಾಟಲಿ ಮುಟ್ಟಿದರೆ ಸುಮ್ನೆ ತಂಪು ಅಷ್ಟೇ. ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್‌ಗಳಲ್ಲಿ ತುಂಬಾ ಸಾಮಾನ್ಯವಾದ ತೊಂದರೆ ಇದು. ಇದಕ್ಕೆ ಜನ ಮೊದಲು ಕೇಳುವ ಪರಿಹಾರ "ಗ್ಯಾಸ್ ಹಾಕಿಸಿ" ಎಂಬುದು. ಫ್ರೀಜರ್ ನಿಜಕ್ಕೂ ಸರಿಯಾಗಿ ತಣ್ಣಗಿದ್ದರೆ ಗ್ಯಾಸ್ ಕಡಿಮೆಯಾಗಿರುವ ಸಾಧ್ಯತೆ ತೀರಾ ಕಮ್ಮಿ. ಅಲ್ಲಿ ತಂಪು ಹುಟ್ಟುತ್ತಿದೆ, ಕೆಳಗೆ ಬರುತ್ತಿಲ್ಲ. ಅದು ಎಲ್ಲಿ ನಿಂತಿದೆ ಎಂದು ಪತ್ತೆ ಮಾಡುವುದು ನಮ್ಮ ಕೆಲಸ. ಒಂದು ಥರ್ಮಾಮೀಟರ್, ಒಂದು ಟಿಶ್ಯೂ ಪೇಪರ್ ಮತ್ತು ಒಂದು ಸ್ಕ್ರೂಡ್ರೈವರ್ ಇದ್ದರೆ ಮುಕ್ಕಾಲು ಪಾಲು ಹುಡುಕಾಟ ಮನೆಯಲ್ಲೇ ಮುಗಿಯುತ್ತದೆ.

ಇಲ್ಲಿ ಹೇಳುವುದೆಲ್ಲ ಫ್ರೀಜರ್ ಮೇಲೆ, ಫ್ರಿಜ್ ಖಾನೆ ಕೆಳಗೆ ಇರುವ, ಒಳಗೆ ಒಂದೇ ತಂಪು ಕಾಯಿಲ್ ಇರುವ ಫ್ರಾಸ್ಟ್ ಫ್ರೀ ಮಾದರಿಗಳಿಗೆ. ಒಂದೇ ಬಾಗಿಲಿನ ಹಳೆಯ ಥರದ ಫ್ರಿಜ್‌ನಲ್ಲಿ ಈ ಫ್ಯಾನ್, ಡ್ಯಾಂಪರ್ ಯಾವುದೂ ಇರುವುದಿಲ್ಲ. ಕೆಲವು ದುಬಾರಿ ಮಾದರಿಗಳಲ್ಲಿ ಎರಡು ಖಾನೆಗೂ ಬೇರೆ ಬೇರೆ ಕಾಯಿಲ್ ಇರುತ್ತದೆ, ಅವುಗಳ ಲೆಕ್ಕವೂ ಬೇರೆ.

ತಂಪು ಕೆಳಗೆ ಬರುವ ದಾರಿ

ಫ್ರೀಜರ್‌ನ ಹಿಂಬದಿಯ ಪ್ಲಾಸ್ಟಿಕ್ ಗೋಡೆಯ ಹಿಂದೆ ಅಲ್ಯೂಮಿನಿಯಂ ರೆಕ್ಕೆಗಳಿರುವ ಕಾಯಿಲ್ ಇದೆ. ಇಡೀ ಫ್ರಿಜ್‌ನಲ್ಲಿ ತಂಪು ಹುಟ್ಟುವ ಜಾಗ ಅದೊಂದೇ. ಕಾಯಿಲ್‌ನ ಮೇಲ್ಭಾಗದಲ್ಲಿ ಒಂದು ಚಿಕ್ಕ ಫ್ಯಾನ್ ಇದೆ. ಅದು ಕಾಯಿಲ್ ಮೂಲಕ ಗಾಳಿ ಎಳೆದು ಬಹುಪಾಲನ್ನು ಫ್ರೀಜರ್‌ಗೆ ಊದುತ್ತದೆ. ಉಳಿದ ಸ್ವಲ್ಪ ಗಾಳಿ ಒಂದು ಕೊಳವೆಯಂಥ ದಾರಿಯಲ್ಲಿ ಕೆಳಗಿನ ಖಾನೆಗೆ ಇಳಿಯುತ್ತದೆ. ಆ ದಾರಿಯೇ ಡಕ್ಟ್, ಹೆಚ್ಚಿನ ಫ್ರಿಜ್‌ಗಳಲ್ಲಿ ಅದನ್ನು ಥರ್ಮಾಕೋಲ್‌ನಲ್ಲಿ ಕೊರೆದಿರುತ್ತಾರೆ. ಡಕ್ಟ್‌ನ ನಡುವೆ ಒಂದು ಸಣ್ಣ ಮುಚ್ಚಳ ಇದೆ, ಅದೇ ಡ್ಯಾಂಪರ್. ಕೆಳಗೆ ತಂಪು ಬೇಕಾದಾಗ ತೆರೆದುಕೊಳ್ಳುತ್ತದೆ, ಸಾಕಾದಾಗ ಮುಚ್ಚಿಕೊಳ್ಳುತ್ತದೆ. ಕೆಳಗಿಳಿದ ಗಾಳಿ ಖಾನೆಯನ್ನೆಲ್ಲ ಸುತ್ತಿ ಇನ್ನೊಂದು ದಾರಿಯಲ್ಲಿ ಕಾಯಿಲ್‌ನ ಬುಡಕ್ಕೆ ವಾಪಸ್ ಹೋಗುತ್ತದೆ.

ಅಂದರೆ ಕೆಳಗಿನ ಖಾನೆಗೆ ತನ್ನದೇ ಆದ ತಂಪು ಇಲ್ಲ. ಮೇಲಿಂದ ಬರುವ ಗಾಳಿಯೇ ಅದಕ್ಕೆ ಎಲ್ಲ. ಫ್ಯಾನ್ ನಿಂತರೆ, ಕಾಯಿಲ್ ಮಂಜಿನಿಂದ ಕಟ್ಟಿಕೊಂಡರೆ, ಡ್ಯಾಂಪರ್ ಮುಚ್ಚಿಕೊಂಡೇ ಉಳಿದರೆ, ಡಕ್ಟ್‌ನಲ್ಲಿ ಐಸ್ ಕೂತರೆ ಮೊದಲು ಕಷ್ಟ ಕಾಣುವುದು ಕೆಳಗೇ. ಫ್ರೀಜರ್‌ಗೆ ಕಾಯಿಲ್ ಪಕ್ಕದಲ್ಲೇ ಇರುವುದರಿಂದ ಅದು ಇನ್ನೂ ಕೆಲವು ದಿನ ಸಂಭಾಳಿಸಿಕೊಂಡು ಹೋಗುತ್ತದೆ.

ಮೊದಲು ಅಳತೆ, ಆಮೇಲೆ ಅನುಮಾನ

ಕೈಯಿಂದ ಮುಟ್ಟಿ ನೋಡಿದ್ದು ಲೆಕ್ಕಕ್ಕೆ ಬರುವುದಿಲ್ಲ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ಫ್ರಿಜ್ ಖಾನೆಯ ನಡುವಿನ ತಟ್ಟೆಯ ಮೇಲೆ ಇಡಿ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಬಾಗಿಲು ತೆರೆದ ತಕ್ಷಣ ನೋಡಿ. ನೀರಿನಲ್ಲಿ ಇಟ್ಟರೆ ಬಾಗಿಲು ತೆರೆದಾಗ ಅಂಕಿ ಓಡಾಡುವುದಿಲ್ಲ. ಫ್ರೀಜರ್‌ನಲ್ಲಿ ಥರ್ಮಾಮೀಟರನ್ನು ಗಟ್ಟಿಯಾಗಿ ಹೆಪ್ಪುಗಟ್ಟಿದ ಎರಡು ಪೊಟ್ಟಣಗಳ ನಡುವೆ ಸಿಕ್ಕಿಸಿ.

ಕೆಳಗೆ 3ರಿಂದ 4 ಡಿಗ್ರಿ, ಮೇಲೆ ಸುಮಾರು ಮೈನಸ್ 18 ಡಿಗ್ರಿ ಇದ್ದರೆ ಫ್ರಿಜ್ ಆರೋಗ್ಯವಾಗಿದೆ. ನೀರು ಐಸ್ ಆಗಲು ಸೊನ್ನೆಗಿಂತ ಕೊಂಚ ಕೆಳಗಿಳಿದರೂ ಸಾಕು. ಹಾಗಾಗಿ "ಐಸ್ ಆಗ್ತಿದೆ, ಫ್ರೀಜರ್ ಚೆನ್ನಾಗಿದೆ" ಎಂಬ ಮಾತನ್ನು ನಂಬಬೇಡಿ. ಐಸ್ ಆಗುತ್ತಿದ್ದರೂ ಐಸ್ ಕ್ರೀಂ ಮೆತ್ತಗಿದ್ದರೆ ಫ್ರೀಜರ್ ಕೂಡ ಸೋತಿದೆ ಎಂದೇ ಅರ್ಥ.

ಈ ಎರಡು ಅಂಕಿಗಳೇ ಅರ್ಧ ಉತ್ತರ ಹೇಳಿಬಿಡುತ್ತವೆ. ಕೆಳಗೆ ಬೆಚ್ಚಗಿದ್ದು ಮೇಲೆ ಮೈನಸ್ 20ಕ್ಕಿಂತಲೂ ತಣ್ಣಗಿದ್ದರೆ ಗಾಳಿಯೆಲ್ಲ ಮೇಲೆಯೇ ಉಳಿಯುತ್ತಿದೆ. ಆಗ ಡ್ಯಾಂಪರ್ ಅಥವಾ ಡಕ್ಟ್ ಮೇಲೆ ಅನುಮಾನ. ಕೆಳಗೆ ಬೆಚ್ಚಗಿದ್ದು ಮೇಲೂ ಮೈನಸ್ 10, 12ರ ಆಸುಪಾಸಿನಲ್ಲಿ ಒದ್ದಾಡುತ್ತಿದ್ದರೆ ಫ್ಯಾನ್ ನಿಂತಿರಬಹುದು, ಇಲ್ಲವೇ ಕಾಯಿಲ್ ಮಂಜಿನಿಂದ ಮುಚ್ಚಿರಬಹುದು. ಇದು ಕೊನೆಯ ತೀರ್ಪು ಅಲ್ಲ, ಎಲ್ಲಿಂದ ಶುರು ಮಾಡಬೇಕು ಎಂಬುದಕ್ಕೆ ಮಾತ್ರ.

ಕೆಳಗಿನ ಖಾನೆ 5 ಡಿಗ್ರಿಗಿಂತ ಮೇಲೆ ಗಂಟೆಗಟ್ಟಲೆ ಇದ್ದಿದ್ದರೆ ಹಾಲು, ಮಾಂಸ, ಬೇಯಿಸಿದ ಅಡುಗೆ ಯಾವುದನ್ನೂ ವಾಸನೆ ನೋಡಿ ಬಳಸಲು ಹೋಗಬೇಡಿ. ಕೆಟ್ಟದ್ದೆಲ್ಲ ವಾಸನೆ ಬರುವುದಿಲ್ಲ.

ಸ್ಕ್ರೂ ಬಿಚ್ಚುವ ಮುನ್ನ ನೋಡಬೇಕಾದ್ದು

ಫ್ರೀಜರ್ ಒಳಗೆ ತಿರುಗಿಸುವ ಅಥವಾ ಜಾರಿಸುವ ಒಂದು ಗುಂಡಿ ಇದೆಯಾ ನೋಡಿ. ಅನೇಕ ಮಾದರಿಗಳಲ್ಲಿ ಅದು ಕಂಪ್ರೆಸರ್‌ಗೆ ಸಂಬಂಧಿಸಿದ್ದೇ ಅಲ್ಲ. ಗಾಳಿಯನ್ನು ಮೇಲೆ ಎಷ್ಟು, ಕೆಳಗೆ ಎಷ್ಟು ಎಂದು ಹಂಚುವ ಮುಚ್ಚಳ ಅದು. ಅದನ್ನು ಅತಿ ತಂಪಿನ ಕಡೆಗೆ ತಿರುಗಿಸಿದರೆ ಕೆಳಗೆ ಹೋಗುವ ದಾರಿ ಕಿರಿದಾಗುತ್ತದೆ. ಬೇಸಿಗೆಯಲ್ಲಿ ಕೆಳಗೆ ತಂಪು ಸಾಲದು ಎಂದು ಯಾರೋ ಮೇಲಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸುತ್ತಾರೆ. ಆಗ ಕೆಳಗೆ ಇನ್ನೂ ಬೆಚ್ಚಗಾಗುತ್ತದೆ. ಗುಂಡಿಯನ್ನು ನಡುವೆ ಇಟ್ಟು ಒಂದು ದಿನ ಕಾದು ಮತ್ತೆ ಅಳೆಯಿರಿ. ಇಷ್ಟಕ್ಕೇ ಸರಿಹೋದ ಫ್ರಿಜ್‌ಗಳು ಬೇಕಾದಷ್ಟಿವೆ.

ಆಮೇಲೆ ಗಾಳಿಯ ಕಂಡಿಗಳನ್ನು ನೋಡಿ. ಫ್ರೀಜರ್‌ನ ಹಿಂಗೋಡೆಗೆ ಪೊಟ್ಟಣಗಳನ್ನು ಒತ್ತಿ ಜೋಡಿಸಿದ್ದರೆ ಫ್ಯಾನ್ ಊದಿದ ಗಾಳಿಗೆ ಹೋಗಲು ಜಾಗವೇ ಇಲ್ಲ. ಕೆಳಗಿನ ಖಾನೆಯಲ್ಲಿ ಸಾಮಾನ್ಯವಾಗಿ ಹಿಂಭಾಗದಲ್ಲಿ ಮೇಲ್ಗಡೆ ಕಂಡಿಗಳಿರುತ್ತವೆ. ಎತ್ತರದ ಪಾತ್ರೆ ಅಡ್ಡ ನಿಂತಿದ್ದರೆ ಸರಿಸಿ. ಗಾಳಿ ವಾಪಸ್ ಹೋಗುವ ಕಂಡಿಯನ್ನೂ ಮರೆಯಬೇಡಿ, ಪ್ಲಾಸ್ಟಿಕ್ ಚೀಲದ ತುಂಡು ಅಲ್ಲಿ ಅಂಟಿಕೊಂಡಿರುವುದುಂಟು. ಬಂದ ಗಾಳಿ ವಾಪಸ್ ಹೋಗದಿದ್ದರೆ ಹೊಸ ಗಾಳಿಯೂ ಬರುವುದಿಲ್ಲ.

ಬಾಗಿಲು ಮುಚ್ಚಿದಾಗ ಒಳಗಿನ ದೀಪ ಆರುತ್ತದಾ ಎಂದೂ ನೋಡಿ. ಫೋನಿನಲ್ಲಿ ವಿಡಿಯೋ ಶುರು ಮಾಡಿ ಒಳಗಿಟ್ಟು ಬಾಗಿಲು ಮುಚ್ಚಿದರೆ ಗೊತ್ತಾಗುತ್ತದೆ. ದೀಪ ಉರಿಯುತ್ತಲೇ ಇದ್ದರೆ ಡೋರ್ ಸ್ವಿಚ್ ಕೆಟ್ಟಿದೆ. ಬಾಗಿಲು ತೆರೆದೇ ಇದೆ ಎಂದು ಫ್ರಿಜ್ ತಿಳಿದುಕೊಳ್ಳುತ್ತದೆ, ಹಲವು ಮಾದರಿಗಳಲ್ಲಿ ಫ್ಯಾನನ್ನೂ ನಿಲ್ಲಿಸಿಬಿಡುತ್ತದೆ.

ಟಿಶ್ಯೂ ಪೇಪರ್ ಪರೀಕ್ಷೆ

ಇಡೀ ಹುಡುಕಾಟದಲ್ಲಿ ಅತಿ ಬೆಲೆಬಾಳುವ ಐದು ನಿಮಿಷ ಇದು. ಟಿಶ್ಯೂವನ್ನು ಎರಡು ಬೆರಳಿನಷ್ಟು ಅಗಲಕ್ಕೆ ಹರಿದುಕೊಳ್ಳಿ. ಕಂಪ್ರೆಸರ್ ಓಡುತ್ತಿರುವಾಗ ಫ್ರೀಜರ್ ಬಾಗಿಲು ತೆರೆಯಿರಿ. ಬಾಗಿಲು ತೆರೆದ ಕೂಡಲೇ ಫ್ಯಾನ್ ನಿಲ್ಲುತ್ತದೆ, ಅದು ದೋಷವಲ್ಲ. ಡೋರ್ ಸ್ವಿಚ್ ಹುಡುಕಿ ಬೆರಳಿನಿಂದ ಒತ್ತಿ ಹಿಡಿಯಿರಿ. ಒತ್ತುವ ಸ್ವಿಚ್ ಕಾಣದಿದ್ದರೆ ನಿಮ್ಮ ಫ್ರಿಜ್‌ನಲ್ಲಿರುವುದು ಅಯಸ್ಕಾಂತದ ಸ್ವಿಚ್ ಇರಬಹುದು. ಆಗ ಚಿಕ್ಕ ಅಯಸ್ಕಾಂತವೊಂದನ್ನು ಬಾಗಿಲಿನ ಚೌಕಟ್ಟಿನ ಮೇಲಂಚಿನಲ್ಲಿ ಸರಿಸುತ್ತ ಹೋದರೆ ಒಂದು ಜಾಗದಲ್ಲಿ ಫ್ಯಾನ್ ಶುರುವಾಗುತ್ತದೆ. ಕೆಳಗಿನ ಬಾಗಿಲು ಮುಚ್ಚಿರಲಿ.

ಈಗ ಟಿಶ್ಯೂವನ್ನು ಫ್ರೀಜರ್‌ನ ಕಂಡಿಯ ಮುಂದೆ ಹಿಡಿಯಿರಿ. ಅದು ಜೋರಾಗಿ ಹಾರಬೇಕು. ಆಮೇಲೆ ಕೆಳಗಿನ ಖಾನೆಯಲ್ಲಿ ಇದನ್ನೇ ಮಾಡಿ. ಈ ಸಲ ಕೆಳಗಿನ ಸ್ವಿಚ್ ಒತ್ತಿ, ಮೇಲಿನ ಬಾಗಿಲು ಮುಚ್ಚಿ. ಕೆಳಗೆ ಗಾಳಿ ಮೊದಲೇ ಮಂದ, ಟಿಶ್ಯೂ ಅಲ್ಲಾಡಿದರೆ ಸಾಕು. ಕೆಳಗೆ ನಿಜಕ್ಕೂ ಬೆಚ್ಚಗಿರುವಾಗಲೇ ಇದನ್ನು ಮಾಡಬೇಕು. ತಣ್ಣಗಿದ್ದರೆ ಡ್ಯಾಂಪರ್ ಮುಚ್ಚಿಕೊಂಡಿರುವುದು ಸಹಜ.

ಫ್ಯಾನ್ ಶುರುವೇ ಆಗದಿದ್ದರೆ ಗಾಬರಿ ಬೇಡ. ಆ ಹೊತ್ತಿಗೆ ಫ್ರಿಜ್ ತನ್ನಷ್ಟಕ್ಕೆ ಮಂಜು ಕರಗಿಸುವ ಕೆಲಸದಲ್ಲಿ ಇರಬಹುದು. ಆಗ ಕಂಪ್ರೆಸರ್, ಫ್ಯಾನ್ ಎರಡೂ ನಿಂತಿರುತ್ತವೆ. ಮುಕ್ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಕೆಲವು ಮಾದರಿಗಳಲ್ಲಿ ಸ್ವಿಚ್ ಒತ್ತಿದ ಮೇಲೂ ಫ್ಯಾನ್ ಸ್ವಲ್ಪ ತಡವಾಗಿ ಏಳುತ್ತದೆ.

ಫಲಿತಾಂಶ ಮೂರು ಥರ ಬರುತ್ತದೆ. ಮೇಲೆ ಗಾಳಿಯೇ ಇಲ್ಲದಿದ್ದರೆ ಫ್ಯಾನ್ ಕಡೆ ನೋಡಿ. ಫ್ಯಾನ್ ಸದ್ದು ಕೇಳುತ್ತಿದ್ದರೂ ಮೇಲೆ ಕೆಳಗೆ ಎರಡೂ ಕಡೆ ಗಾಳಿ ಮಂದವಾಗಿದ್ದರೆ ಕಾಯಿಲ್ ಮಂಜಿನಿಂದ ಕಟ್ಟಿದೆ. ಮೇಲೆ ಜೋರಾಗಿದ್ದು ಕೆಳಗೆ ಟಿಶ್ಯೂ ಅಲುಗದಿದ್ದರೆ ಡ್ಯಾಂಪರ್ ಅಥವಾ ಡಕ್ಟ್.

ಫ್ಯಾನ್ ನಿಂತಿದ್ದರೆ

ಪ್ಲಗ್ ಕಿತ್ತ ಮೇಲಷ್ಟೇ ಮುಂದಿನ ಕೆಲಸ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಫ್ರೀಜರ್ ಖಾಲಿ ಮಾಡಿ, ಹಿಂಗೋಡೆಯ ಸ್ಕ್ರೂ ಬಿಚ್ಚಿ. ಸ್ಕ್ರೂಗಳ ಮೇಲೆ ಚಿಕ್ಕ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಗೋಡೆ ಬರದಿದ್ದರೆ ಹಿಂದೆ ಮಂಜು ಅಂಟಿಕೊಂಡಿದೆ ಎಂದು ತಿಳಿದು ಕರಗಲು ಬಿಡಿ. ಜೋರು ಮಾಡಿದರೆ ತಣ್ಣಗಿರುವ ಪ್ಲಾಸ್ಟಿಕ್ ಪಟ್ಟನೆ ಸೀಳುತ್ತದೆ. ಕಾಯಿಲ್‌ನ ರೆಕ್ಕೆಗಳು ಬ್ಲೇಡಿನಷ್ಟು ಹರಿತ, ಕೈಗವಸು ಹಾಕಿಕೊಳ್ಳಿ.

ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ. ಹಗುರವಾಗಿ ಸುತ್ತಬೇಕು. ಐಸ್ ತಗಲುತ್ತಿದ್ದರೆ ಕರಗಿಸಿ. ಐಸ್ ಇಲ್ಲದೆಯೂ ಬಿಗಿಯಾಗಿದ್ದರೆ ಬೇರಿಂಗ್ ಹೋಗಿದೆ, ಎಣ್ಣೆ ಬಿಟ್ಟರೆ ಆ ತಂಪಿನಲ್ಲಿ ಅದು ಗಟ್ಟಿಯಾಗಿ ಇನ್ನಷ್ಟು ಹಿಡಿಯುತ್ತದೆ. ಮೋಟಾರ್ ಬದಲಿಸುವುದೇ ಸರಿ. ರೆಕ್ಕೆ ಶಾಫ್ಟ್ ಮೇಲೆ ಸಡಿಲವಾಗಿ ಜಾರುತ್ತಿದೆಯಾ ಎಂದೂ ನೋಡಿ. ಹಾಗಿದ್ದರೆ ಮೋಟಾರ್ ಸದ್ದು ಕೇಳುತ್ತದೆ, ಗಾಳಿ ಬರುವುದಿಲ್ಲ. ಹೊಸ ರೆಕ್ಕೆ ಹಾಕುವಾಗ ಹಳೆಯದು ಯಾವ ಮುಖ ಮಾಡಿ ಕೂತಿತ್ತು ಎಂದು ಫೋಟೋ ತೆಗೆದುಕೊಳ್ಳಿ. ತಿರುವಿ ಹಾಕಿದರೆ ಗಾಳಿ ಹೋಗಬೇಕಾದಷ್ಟು ಹೋಗುವುದಿಲ್ಲ.

ಹಳೆಯ ಮಾದರಿಗಳ ಫ್ಯಾನ್ ನೇರವಾಗಿ ಮನೆಯ ಕರೆಂಟಿನಲ್ಲಿ ಓಡುತ್ತದೆ. ಅದನ್ನು ಪ್ಲಗ್ ಕಿತ್ತು ಮಲ್ಟಿಮೀಟರ್‌ನಲ್ಲಿ ಓಮ್ ಅಳೆಯಬಹುದು. ಮೀಟರ್ ಏನೂ ತೋರಿಸದಿದ್ದರೆ ಒಳಗಿನ ತಂತಿ ತುಂಡಾಗಿದೆ. ಇನ್ವರ್ಟರ್ ಮಾದರಿಗಳಲ್ಲಿರುವುದು ಸಾಮಾನ್ಯವಾಗಿ 12 ವೋಲ್ಟಿನ ಡಿಸಿ ಫ್ಯಾನ್. ಅದರೊಳಗೇ ಸಣ್ಣ ಸರ್ಕ್ಯೂಟ್ ಇರುವುದರಿಂದ ಓಮ್ ಅಳೆದರೆ ಏನೂ ತಿಳಿಯುವುದಿಲ್ಲ. ಅದಕ್ಕೆ ಫ್ರಿಜ್‌ನ ಕಂಟ್ರೋಲ್ ಬೋರ್ಡಿನಿಂದ ವೋಲ್ಟೇಜ್ ಬರುತ್ತಿದೆಯಾ ಎಂದು ಫ್ರಿಜ್ ಓಡುತ್ತಿರುವಾಗಲೇ ನೋಡಬೇಕು. ಅದನ್ನು ಕೆಲಸ ಗೊತ್ತಿದ್ದವರಿಗೆ ಬಿಡಿ.

ಕಾಯಿಲ್ ಮಂಜಿನಿಂದ ಕಟ್ಟಿದ್ದರೆ

ಹಿಂಗೋಡೆ ತೆಗೆದಾಗ ಕಾಯಿಲ್ ಎಲ್ಲ ಕಡೆ ತೆಳುವಾದ, ಸಮನಾದ ಬಿಳಿ ಮಂಜು ಹೊದ್ದಿದ್ದರೆ ಅದು ಸಹಜ. ರೆಕ್ಕೆಗಳ ಸಂದೇ ಕಾಣದಷ್ಟು ಬಿಳಿ ಗೋಡೆಯಾಗಿದ್ದರೆ ಮಂಜು ಕರಗಿಸುವ ವ್ಯವಸ್ಥೆ ಕೆಲಸ ಮಾಡುತ್ತಿಲ್ಲ. ಇನ್ನೊಂದು ಚಿತ್ರವೂ ಇದೆ. ಕಾಯಿಲ್‌ನ ಒಂದು ಮೂಲೆಯಲ್ಲಿ ಮಾತ್ರ ಮಂಜು, ಉಳಿದ ಕೊಳವೆಗಳು ಬರಿದು. ಇದೊಂದು ಕಡೆ ಮಾತ್ರ ಗ್ಯಾಸ್ ಮೇಲೆ ಅನುಮಾನ ಪಡುವುದು ಸರಿ. ಹೀಗೆ ಕಂಡರೆ ಗೋಡೆ ಮುಚ್ಚಿ ಮೆಕ್ಯಾನಿಕ್‌ಗೆ ಹೇಳಿ. ಈಗಿನ ಅನೇಕ ಫ್ರಿಜ್‌ಗಳಲ್ಲಿರುವ ಆರ್ 600ಎ ಗ್ಯಾಸ್ ಬೆಂಕಿ ಹಿಡಿಯುವಂಥದ್ದು. ಮನೆಯಲ್ಲಿ ಅದರ ತಂಟೆಗೆ ಹೋಗಬಾರದು.

ಮಂಜು ಕಟ್ಟಿದ್ದರೆ ಪ್ಲಗ್ ಕಿತ್ತು ಎರಡೂ ಬಾಗಿಲು ತೆರೆದು ಪೂರ್ತಿ ಒಂದು ದಿನ ಬಿಡಿ. ಕಾಯಿಲ್‌ನ ಕೆಳಗೆ, ನೀರು ಹರಿಯುವ ತೂತಿನವರೆಗೆ ಐಸ್ ಪೂರ್ತಿ ಹೋಗಬೇಕು. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯಲೇಬೇಡಿ. ಅಲ್ಯೂಮಿನಿಯಂ ಕೊಳವೆಗೆ ಸೂಜಿಮೊನೆಯಷ್ಟು ತೂತಾದರೂ ಗ್ಯಾಸೆಲ್ಲ ಹೊರಗೆ. ಕರಗಿದ ಮೇಲೆ ನೀರು ಹರಿಯುವ ತೂತಿಗೆ ಸ್ವಲ್ಪ ಬಿಸಿನೀರು ಸುರಿದು ಕೆಳಗೆ ಇಳಿಯುತ್ತದಾ ನೋಡಿ. ಅದು ಕಟ್ಟಿಕೊಂಡಿದ್ದರೆ ನೀರು ಅಲ್ಲೇ ಮತ್ತೆ ಐಸ್ ಆಗಿ ಬುಡದಿಂದ ಮೇಲಕ್ಕೆ ಬೆಳೆಯುತ್ತದೆ, ಗಾಳಿ ವಾಪಸ್ ಬರುವ ದಾರಿಯನ್ನೂ ಮುಚ್ಚುತ್ತದೆ.

ಮತ್ತೆ ಶುರು ಮಾಡಿದಾಗ ಫ್ರಿಜ್ ಚೆನ್ನಾಗಿ ಓಡುತ್ತದೆ. ನಾಲ್ಕಾರು ದಿನಗಳಲ್ಲಿ, ಹೆಚ್ಚೆಂದರೆ ಒಂದೆರಡು ವಾರದಲ್ಲಿ ಅದೇ ಕಥೆ ಮರಳಿದರೆ ಕಾಯಿಲ್‌ನ ಮಂಜು ಕರಗಿಸುವ ಹೀಟರ್, ಅದರ ಥರ್ಮೋಸ್ಟಾಟ್ ಇಲ್ಲವೇ ಸೆನ್ಸರ್, ಫ್ಯೂಸ್, ಟೈಮರ್ ಅಥವಾ ಬೋರ್ಡ್, ಇವುಗಳಲ್ಲಿ ಒಂದು ಕೆಟ್ಟಿದೆ. ಹೀಟರ್ ಪರೀಕ್ಷೆ ಸುಲಭ. 230 ವೋಲ್ಟಿನಲ್ಲಿ ಓಡುವ 160 ವಾಟ್‌ನ ಹೀಟರ್ ಪ್ಲಗ್ ಕಿತ್ತಾಗ ಸುಮಾರು 330 ಓಮ್ ತೋರಿಸಬೇಕು. ನಿಮ್ಮದರ ವಾಟ್ ಬೇರೆ ಇದ್ದರೆ ಅಂಕಿಯೂ ಬೇರೆ. ಏನೂ ತೋರಿಸದಿದ್ದರೆ ಹೀಟರ್ ಸುಟ್ಟಿದೆ. ಥರ್ಮೋಸ್ಟಾಟ್ ತಣ್ಣಗಿದ್ದಾಗ ಮಾತ್ರ ಕರೆಂಟಿಗೆ ದಾರಿ ಕೊಡುತ್ತದೆ. ಕೋಣೆಯ ಬಿಸಿಯಲ್ಲಿ ಅಳೆದು ಕೆಟ್ಟಿದೆ ಎಂದು ಬಿಸಾಡಬೇಡಿ.

ಮೇಲೆ ಜೋರು, ಕೆಳಗೆ ಇಲ್ಲ: ಡ್ಯಾಂಪರ್

ಒಂದು ಮನೆಯ ಫ್ರಿಜ್‌ನ ಲೆಕ್ಕ ಹೇಳುತ್ತೇನೆ. ಬೆಳಿಗ್ಗೆ ಅಳೆದಾಗ ಕೆಳಗಿನ ಲೋಟದಲ್ಲಿ 13 ಡಿಗ್ರಿ, ಫ್ರೀಜರ್‌ನಲ್ಲಿ ಮೈನಸ್ 23. ಕಂಪ್ರೆಸರ್ ನಿಲ್ಲುತ್ತಲೇ ಇರಲಿಲ್ಲ. ಅದಕ್ಕೆ ಮೊದಲೇ ಬಂದು ನೋಡಿದವರೊಬ್ಬರು ಗ್ಯಾಸ್ ಹಾಕಿಸಬೇಕು ಎಂದು ಹೇಳಿ ಹೋಗಿದ್ದರು. ಮೈನಸ್ 23 ಎಂಬ ಅಂಕಿಯೇ ಆ ಮಾತಿಗೆ ಉತ್ತರ. ಗ್ಯಾಸ್ ಸೋರಿದ ಫ್ರಿಜ್ ಅಷ್ಟು ಕೆಳಗೆ ಇಳಿಯಲಾರದು.

ಕಂಪ್ರೆಸರ್ ಯಾಕೆ ನಿಲ್ಲುತ್ತಿರಲಿಲ್ಲ? ಆ ಮಾದರಿಯಲ್ಲಿ ಕೆಳಗಿನ ಖಾನೆ ತಣ್ಣಗಾದರೆ ಮಾತ್ರ ಕಂಪ್ರೆಸರ್ ನಿಲ್ಲುತ್ತದೆ. ಕೆಳಗೆ ಗಾಳಿ ಬರದೆ ಅದು ತಣ್ಣಗಾಗುವುದಿಲ್ಲ. ಹಾಗಾಗಿ ಓಡುತ್ತಲೇ ಇತ್ತು, ಫ್ರೀಜರ್ ಬೇಕಾದ್ದಕ್ಕಿಂತ ಜಾಸ್ತಿ ತಣ್ಣಗಾಗುತ್ತಿತ್ತು, ಕರೆಂಟ್ ಸುಮ್ನೆ ಖರ್ಚಾಗುತ್ತಿತ್ತು. ಟಿಶ್ಯೂ ಹಿಡಿದಾಗ ಮೇಲೆ ಪಟಪಟ ಹಾರಿತು. ಕೆಳಗಿನ ಕಂಡಿಯ ಮುಂದೆ ಅಲುಗಲೇ ಇಲ್ಲ.

ಪ್ಲಗ್ ಕಿತ್ತು, ಕೆಳಗಿನ ಖಾನೆಯ ಮೇಲ್ಭಾಗದಲ್ಲಿರುವ ದೀಪ, ಗುಂಡಿಗಳ ಪ್ಲಾಸ್ಟಿಕ್ ಪೆಟ್ಟಿಗೆ ಬಿಚ್ಚಲಾಯಿತು. ಡ್ಯಾಂಪರ್ ಹೆಚ್ಚಾಗಿ ಇರುವುದು ಅದರ ಹಿಂದೆಯೇ. ಕೆಲವು ಮಾದರಿಗಳಲ್ಲಿ ಫ್ರೀಜರ್‌ನ ಹಿಂಗೋಡೆಯ ಕೆಳಭಾಗದಲ್ಲಿರುತ್ತದೆ. ಪೆಟ್ಟಿಗೆಗೆ ವೈರುಗಳು ಅಂಟಿಕೊಂಡಿರುತ್ತವೆ, ಎಳೆಯುವ ಮುನ್ನ ಕನೆಕ್ಟರ್ ಬಿಡಿಸಬೇಕು. ಥರ್ಮಾಕೋಲ್ ತುಂಡು ತೆಗೆದಾಗ ಮುಚ್ಚಳದ ಮೇಲೆ ಹೆಬ್ಬೆಟ್ಟಿನ ಗಾತ್ರದ ಐಸ್ ಗಂಟು ಕೂತಿತ್ತು. ಮುಚ್ಚಿದ ಸ್ಥಿತಿಯಲ್ಲೇ ಹೆಪ್ಪುಗಟ್ಟಿತ್ತು.

ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಒತ್ತಿ ಹಿಡಿದು ಐಸ್ ಕರಗಿಸಲಾಯಿತು. ಇಲ್ಲಿ ಅವಸರ ಮಾಡಬಾರದು. ಮುಚ್ಚಳವನ್ನು ಬೆರಳಿನಿಂದ ಬಲವಂತವಾಗಿ ತೆರೆದರೆ ಒಳಗಿನ ಚಿಕ್ಕ ಪ್ಲಾಸ್ಟಿಕ್ ಹಲ್ಲುಚಕ್ರಗಳು ಮುರಿಯುತ್ತವೆ. ಬಿಸಿಗಾಳಿ ಊದುವ ಯಂತ್ರ ಹತ್ತಿರ ಹಿಡಿದರೆ ಥರ್ಮಾಕೋಲ್ ಕರಗಿ ಡಕ್ಟ್‌ನ ಆಕಾರವೇ ಹಾಳಾಗುತ್ತದೆ. ಕರಗಿದ ಮೇಲೆ ಎಲ್ಲವನ್ನೂ ಒರೆಸಿ ಒಣಗಿಸಿ, ಕನೆಕ್ಟರ್ ಸಿಕ್ಕಿಸಿ, ಎಲ್ಲೂ ಕೈ ತಾಗದಂತೆ ನಿಂತು ಪ್ಲಗ್ ಹಾಕಲಾಯಿತು. ಮೋಟಾರ್ ಡ್ಯಾಂಪರ್ ಇರುವ ಅನೇಕ ಫ್ರಿಜ್‌ಗಳು ಕರೆಂಟ್ ಬಂದ ಕೂಡಲೇ ಮುಚ್ಚಳವನ್ನು ಒಮ್ಮೆ ಮುಚ್ಚಿ ತೆರೆದು ತನ್ನ ಜಾಗ ಗುರುತಿಸಿಕೊಳ್ಳುತ್ತವೆ. ಅದೂ ಹಾಗೇ ಮಾಡಿತು. ಅಂದರೆ ಮೋಟಾರ್ ಸರಿಯಿದೆ, ಹೊಸ ಡ್ಯಾಂಪರ್ ಬೇಕಿಲ್ಲ. ಟಕಟಕ ಸದ್ದು ಬಂದು ಮುಚ್ಚಳ ಕದಲದಿದ್ದರೆ ಹಲ್ಲುಚಕ್ರ ಹೋಗಿದೆ ಎಂದರ್ಥ, ಇಡೀ ಡ್ಯಾಂಪರ್ ಬದಲಿಸಬೇಕು. ಸದ್ದೂ ಇಲ್ಲ, ಚಲನೆಯೂ ಇಲ್ಲ ಎಂದರೆ ಮೋಟಾರ್, ವೈರು, ಬೋರ್ಡ್ ಮೂರನ್ನೂ ನೋಡಬೇಕು.

ಇಷ್ಟಕ್ಕೇ ಎಲ್ಲ ಜೋಡಿಸಿ ಎದ್ದರೆ ಕೆಲಸ ಅರ್ಧ. ಐಸ್ ಅಲ್ಲಿಗೆ ಬಂದದ್ದು ಹೇಗೆ? ಡಕ್ಟ್‌ನಲ್ಲಿ ಐಸ್ ಆಗಲು ತೇವ ಬೇಕು. ಆ ತೇವ ಹೊರಗಿನ ಗಾಳಿಯಿಂದ ಬರುತ್ತದೆ. ಬಾಗಿಲಿನ ರಬ್ಬರ್ ಗ್ಯಾಸ್ಕೆಟ್‌ನ ನಡುವೆ ಕಾಗದದ ಚೂರು ಇಟ್ಟು ಬಾಗಿಲು ಮುಚ್ಚಿ ಎಳೆದು ನೋಡಲಾಯಿತು. ಎಲ್ಲ ಕಡೆ ಬಿಗಿಯಾಗಿ ಹಿಡಿಯಿತು. ಹಿಂಜಿನ ಕಡೆಯ ಮೇಲಿನ ಮೂಲೆಯಲ್ಲಿ ಮಾತ್ರ ಕಾಗದ ಸಲೀಸಾಗಿ ಜಾರಿ ಬಂತು. ಡ್ಯಾಂಪರ್‌ಗೆ ತೀರಾ ಹತ್ತಿರದ ಮೂಲೆ ಅದು. ಫ್ಯಾನ್ ನಿಂತ ಹೊತ್ತಿನಲ್ಲಿ ಅಲ್ಲಿಂದ ನುಸುಳಿದ ತೇವದ ಗಾಳಿ ಮೇಲೇರಿ ತಣ್ಣನೆಯ ಮುಚ್ಚಳಕ್ಕೆ ತಾಗಿ ಐಸ್ ಆಗುತ್ತಿತ್ತು. ಗ್ಯಾಸ್ಕೆಟನ್ನು ಸೋಪಿನ ನೀರಿನಲ್ಲಿ ಒರೆಸಿ, ಆ ಮೂಲೆಗೆ ಬಿಸಿನೀರಿನ ಬಟ್ಟೆ ಕೊಟ್ಟು ಮೆತ್ತಗೆ ಮಾಡಿ ಹೊರಕ್ಕೆ ಎಳೆದು ಆಕಾರಕ್ಕೆ ತಂದ ಮೇಲೆ ಕಾಗದ ಹಿಡಿಯಿತು. ಹರಿದಿದ್ದರೆ ಬದಲಿಸಲೇ ಬೇಕಿತ್ತು. ಮರುದಿನದ ಅಳತೆ ಕೆಳಗೆ 4, ಮೇಲೆ ಮೈನಸ್ 18.

ಎಲ್ಲ ಡ್ಯಾಂಪರ್‌ಗಳೂ ಮೋಟಾರಿನವಲ್ಲ. ಕೆಲವು ಹಳೆಯ ಮಾದರಿಗಳಲ್ಲಿ ಗ್ಯಾಸ್ ತುಂಬಿದ ಸಣ್ಣ ಕೊಳವೆ ಇರುತ್ತದೆ. ಕೆಳಗೆ ಬೆಚ್ಚಗಾದರೆ ಆ ಗ್ಯಾಸ್ ಹಿಗ್ಗಿ ಮುಚ್ಚಳವನ್ನು ತಳ್ಳಿ ತೆರೆಯುತ್ತದೆ. ಇದಕ್ಕೆ ಕರೆಂಟೇ ಬೇಡ. ಕೊಳವೆಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದರೆ ಕೆಲವು ನಿಮಿಷಗಳಲ್ಲಿ ಮುಚ್ಚಳ ತೆರೆಯಬೇಕು, ಐಸ್ ತಾಗಿಸಿದರೆ ಮುಚ್ಚಬೇಕು. ಎರಡಕ್ಕೂ ಜಗ್ಗದಿದ್ದರೆ ಅದರ ಗ್ಯಾಸ್ ಸೋರಿದೆ, ಬದಲಿಸಿ.

ಮೋಟಾರ್ ಡ್ಯಾಂಪರ್ ಸರಿಯಿದ್ದೂ ಮುಚ್ಚಿಕೊಂಡೇ ಇರುತ್ತದೆ ಎಂದರೆ ಅದಕ್ಕೆ ಸುಳ್ಳು ಸುದ್ದಿ ಹೋಗುತ್ತಿದೆ. ಕೆಳಗಿನ ಖಾನೆಯ ಗೋಡೆಯಲ್ಲಿ ಚಿಕ್ಕ ಜಾಲರಿಯ ಹಿಂದೆ ಸೆನ್ಸರ್ ಇದೆ. ಬಿಸಿಯಾದಷ್ಟೂ ಅದರ ಓಮ್ ಇಳಿಯುವುದು ವಾಡಿಕೆ. ಅದು ಕೆಟ್ಟು ಓಮ್ ಜಾಸ್ತಿ ತೋರಿಸಿದರೆ ಬೋರ್ಡಿಗೆ "ಇಲ್ಲಿ ಚೆನ್ನಾಗಿ ತಣ್ಣಗಿದೆ" ಎಂದು ತಿಳಿಯುತ್ತದೆ, ಡ್ಯಾಂಪರ್ ಮುಚ್ಚುತ್ತದೆ. ಸೆನ್ಸರ್ ಬಿಡಿಸಿ ಐಸ್ ನೀರಿನಲ್ಲಿ ಅದ್ದಿ ಓಮ್ ಬರೆದುಕೊಳ್ಳಿ, ಆಮೇಲೆ ಅಂಗೈಯಲ್ಲಿ ಹಿಡಿದು ನೋಡಿ. ಅಂಕಿ ಜಿಗಿಯದೆ ನಿಧಾನವಾಗಿ ಇಳಿಯುತ್ತಾ ಬರಬೇಕು. ಐಸ್ ನೀರಿನಲ್ಲಿ ಬಂದ ಅಂಕಿಯನ್ನು ನಿಮ್ಮ ಮಾದರಿಯ ಸರ್ವಿಸ್ ಪಟ್ಟಿಯ ಜೊತೆ ಹೋಲಿಸಿ, ಮಾದರಿಯಿಂದ ಮಾದರಿಗೆ ಅದು ಬೇರೆ ಇರುತ್ತದೆ.

ಡಕ್ಟ್ ಒಳಗೆ

ಡ್ಯಾಂಪರ್ ತೆರೆದಿದ್ದೂ ಗಾಳಿ ಬರದಿದ್ದರೆ ಅದರ ಹಿಂದಿನ ಡಕ್ಟ್‌ಗೆ ಟಾರ್ಚ್ ಹಾಕಿ ನೋಡಿ. ಐಸ್ ಕಂಡರೆ ಕೆರೆಯಬೇಡಿ, ಒಂದು ದಿನ ಆರಿಸಿಟ್ಟು ಕರಗಿಸಿ. ಥರ್ಮಾಕೋಲ್ ಸೀಳಿದ್ದರೆ ಅಲ್ಲಿಂದ ತಣ್ಣನೆ ಗಾಳಿ ಬೇರೆಡೆ ಸೋರುತ್ತದೆ. ನೀರು ಕುಡಿದು ಭಾರವಾದ ಥರ್ಮಾಕೋಲ್ ಮತ್ತೆ ಮತ್ತೆ ಐಸ್ ಕಟ್ಟುತ್ತದೆ, ಅದನ್ನು ಬದಲಿಸುವುದೇ ಒಳ್ಳೆಯದು. ಜೋಡಿಸುವಾಗ ಸಂದುಗಳಲ್ಲಿದ್ದ ಸ್ಪಂಜಿನ ಪಟ್ಟಿಗಳನ್ನು ಇದ್ದಲ್ಲೇ ಕೂರಿಸಿ. ಅವು ಬಿಟ್ಟುಹೋದರೆ ತೇವ ನುಸುಳಲು ಹೊಸ ದಾರಿ ಆಗುತ್ತದೆ.

ಜೋಡಿಸಿದ ಮೇಲೆ

ಎಲ್ಲ ಮುಚ್ಚಿ ಗುಂಡಿಗಳನ್ನು ನಡುವೆ ಇಟ್ಟು ಪೂರ್ತಿ 24 ಗಂಟೆ ಬಿಡಿ. ಎರಡು ಗಂಟೆಗೊಮ್ಮೆ ಬಾಗಿಲು ತೆರೆದು ನೋಡಿದರೆ ಅಳತೆ ಕೆಡುತ್ತದೆ. ಬಿಸಿ ಪದಾರ್ಥ ಆ ದಿನ ಬೇಡ. ಕೆಳಗೆ 4ಕ್ಕೆ ಇಳಿದು ಕಂಪ್ರೆಸರ್ ಮಧ್ಯೆ ಮಧ್ಯೆ ನಿಲ್ಲತೊಡಗಿದರೆ ದಾರಿ ತೆರೆದಿದೆ. ಇನ್ವರ್ಟರ್ ಮಾದರಿಯಲ್ಲಿ ಕಂಪ್ರೆಸರ್ ನಿಲ್ಲದೆ ನಿಧಾನವಾಗಿ ಓಡಬಹುದು, ಅಲ್ಲಿ ಥರ್ಮಾಮೀಟರ್ ಅಂಕಿಯನ್ನೇ ನಂಬಿ. ಕೆಳಗಿನ ಖಾನೆಯಲ್ಲಿ ತರಕಾರಿ ಹೆಪ್ಪುಗಟ್ಟತೊಡಗಿದರೆ ಈಗ ಡ್ಯಾಂಪರ್ ತೆರೆದೇ ಉಳಿದಿದೆ ಎಂದರ್ಥ, ಮುಚ್ಚಳ ಸರಿಯಾಗಿ ಕೂತಿದೆಯಾ ಎಂದು ಮತ್ತೊಮ್ಮೆ ನೋಡಿ.

ಎರಡು ವಾರ ಕಳೆದ ಮೇಲೆ ಲೋಟದ ಅಳತೆಯನ್ನೂ ಟಿಶ್ಯೂ ಪರೀಕ್ಷೆಯನ್ನೂ ಇನ್ನೊಮ್ಮೆ ಮಾಡಿ. ಮಂಜಿನ ತೊಂದರೆ ಮರಳುವುದಾದರೆ ಆ ಹೊತ್ತಿಗೆ ಗಾಳಿ ಮಂದವಾಗಿರುತ್ತದೆ. ಹಾಗಾದಾಗ ಮೆಕ್ಯಾನಿಕ್‌ನ್ನು ಕರೆಸಿ, ನೀವು ಬರೆದಿಟ್ಟ ಅಂಕಿಗಳನ್ನು ಅವರ ಮುಂದಿಡಿ: ಮೇಲೆ ಎಷ್ಟು, ಕೆಳಗೆ ಎಷ್ಟು, ಟಿಶ್ಯೂ ಎಲ್ಲಿ ಹಾರಿತು, ಎಲ್ಲಿ ಹಾರಲಿಲ್ಲ, ಕರಗಿಸಿದ ಮೇಲೆ ಎಷ್ಟು ದಿನ ಚೆನ್ನಾಗಿತ್ತು. ಇವಿಷ್ಟು ಕೈಯಲ್ಲಿದ್ದರೆ ಅವರು ನೇರವಾಗಿ ಹೀಟರ್, ಸೆನ್ಸರ್ ಕಡೆಗೆ ಹೋಗಬಹುದು.